ಬೇಸಿಗೆಯಲ್ಲಿ ಸ್ಯಾಂಪಲ್ ಕಳಿಸುವುದು: "ತಂಪಾಗಿ ಇಡಿ" ಅನ್ನೋ ಸಾಲನ್ನು ನಾನು ಯಾಕೆ ಅಳಿಸಿದೆ

ಮೇನ್ ಲ್ಯಾಬಿನಲ್ಲಿ ಸ್ಯಾಂಪಲ್ ಇಳಿಸಿಕೊಳ್ಳುವ ಟೇಬಲ್ ನನ್ನದು. ಕಲೆಕ್ಷನ್ ಸೆಂಟರ್‌ಗಳಿಂದ ಬರುವ ಡಬ್ಬಗಳನ್ನು ತೆರೆದು, ಒಂದೊಂದೇ ಟ್ಯೂಬ್ ನೋಡಿ, ಲೇಬಲ್ಲನ್ನು ಚೀಟಿಯ ಜೊತೆ ತಾಳೆ ಹಾಕಿ ಒಳಗೆ ಕಳಿಸುತ್ತೇನೆ. ಸೆಂಟರ್‌ಗಳ ಅಟೆಂಡರ್‌ಗಳಿಗೆ ಒಂದು ಪುಟದ ಸೂಚನೆ ಹಾಳೆ ಬರೆದುಕೊಟ್ಟವಳೂ ನಾನೇ. ಅದರಲ್ಲಿ ಬೇಸಿಗೆಗೆ ಅಂತ ಇದ್ದದ್ದು ಒಂದೇ ಸಾಲು: "ಸ್ಯಾಂಪಲ್‌ಗಳನ್ನು ತಂಪಾಗಿ ಇಟ್ಟು ಕಳಿಸಿ." ಆ ಸಾಲೇ ತೊಂದರೆ ತಂದಿತು.

ಒಂದು ಬೇಸಿಗೆಯಲ್ಲಿ, ಒಂದೇ ಸೆಂಟರಿನಿಂದ ಬಂದ ಸ್ಯಾಂಪಲ್‌ಗಳಲ್ಲಿ ಪೊಟ್ಯಾಸಿಯಂ ಜಾಸ್ತಿ ಬರತೊಡಗಿತು. ಮೂರು ದಿನದಲ್ಲಿ ಐದು ಜನರದ್ದು. 5.6, 5.8, ಒಬ್ಬರದ್ದು 6.1. ಸಾಮಾನ್ಯವಾಗಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಒಳಗೆ ಇರಬೇಕು. 6 ದಾಟಿದರೆ ಡಾಕ್ಟರಿಗೆ ತಕ್ಷಣ ಫೋನ್ ಹೋಗುತ್ತದೆ, ಯಾಕೆಂದರೆ ಹೃದಯದ ಬಡಿತ ಏರುಪೇರಾಗಬಹುದು. 6.1 ಬಂದ ಹಿರಿಯರನ್ನು ಮನೆಯವರು ಆತುರದಲ್ಲಿ ಕರೆದುಕೊಂಡು ಬಂದರು. ಇಸಿಜಿ ಸರಿಯಾಗಿತ್ತು. ನಮ್ಮಲ್ಲೇ ಮತ್ತೆ ರಕ್ತ ತೆಗೆದು ನೋಡಿದೆವು, 4.3. ಅವರಿಗೆ ಏನೂ ಆಗಿರಲಿಲ್ಲ. ಅರ್ಧ ದಿನ ಇಡೀ ಮನೆ ಹೆದರಿ ಕೂತದ್ದು ಮಾತ್ರ ನಿಜ.

ಪೊಟ್ಯಾಸಿಯಂ ಸುಮ್ನೆ ಜಾಸ್ತಿ ಬಂದಾಗ ನಾವು ಮೊದಲು ನೋಡುವುದು ಸೀರಮ್ಮಿನ ಬಣ್ಣ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವದ ಬಣ್ಣ. ಕೆಂಪು ಕಣಗಳು ಒಡೆದಿದ್ದರೆ ಸೀರಮ್ ಗುಲಾಬಿ ಅಥವಾ ಕೆಂಪಾಗಿರುತ್ತದೆ. ಈ ಐದೂ ಟ್ಯೂಬುಗಳಲ್ಲಿ ಅದು ತಿಳಿ ಹಳದಿಯಾಗಿಯೇ ಇತ್ತು. ಹಾಗಾಗಿ ಸ್ಯಾಂಪಲ್ ಕೆಟ್ಟಿದೆ ಅನ್ನೋ ಅನುಮಾನವೇ ಯಾರಿಗೂ ಬರಲಿಲ್ಲ.

ಮಾರನೇ ದಿನ ಆ ಸೆಂಟರಿನ ಡಬ್ಬ ಬಂದಾಗ ನಾನೇ ನಿಧಾನವಾಗಿ ತೆರೆದೆ. ಒಳಗೆ ನಾಲ್ಕು ಐಸ್ ಪ್ಯಾಕ್, ಕಲ್ಲಿನಂತೆ ಗಟ್ಟಿ. ಅವುಗಳ ನಡುವೆ ಟ್ಯೂಬುಗಳನ್ನು ಸಿಕ್ಕಿಸಿ ಇಟ್ಟಿದ್ದರು. ಒಂದು ಟ್ಯೂಬ್ ಎತ್ತಿದರೆ ಬೆರಳು ಮರಗಟ್ಟುವಷ್ಟು ತಣ್ಣಗೆ. ತಳದಲ್ಲಿ ನೀರು ನಿಂತಿತ್ತು, ಎರಡು ಲೇಬಲ್ಲುಗಳ ಶಾಯಿ ಹರಡಿ ಸಮಯ ಬರೆದ ಜಾಗ ನೀಲಿ ಕಲೆಯಾಗಿತ್ತು. ಮುಖ್ಯವಾದ ವಿಷಯ ಇನ್ನೊಂದು. ಒಂದು ಟ್ಯೂಬನ್ನೂ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿರಲಿಲ್ಲ. ಸೀರಮ್ ಬೇರೆಯಾಗದೆ, ರಕ್ತ ಹಾಗೇ ಹೆಪ್ಪುಗಟ್ಟಿ ಬಂದಿತ್ತು.

ಡಬ್ಬ ತಂದ ಹುಡುಗನನ್ನು ಕೂರಿಸಿ ಕೇಳಿದೆ. "ಮೇಡಂ, ತಂಪಾಗಿ ಕಳಿಸಿ ಅಂತ ನೀವೇ ಬರೆದಿದ್ರಲ್ಲ. ಬಿಸಿಲು ಜಾಸ್ತಿ ಆಯ್ತು ಅಂತ ಈ ವಾರದಿಂದ ಎರಡರ ಬದಲು ನಾಲ್ಕು ಪ್ಯಾಕ್ ಹಾಕ್ತಿದ್ದೀನಿ" ಅಂದ. ಆಮೇಲೆ ತಡೆದು ಕೇಳಿದ, "ತಂಪು ಅಂದ್ರೆ ಎಷ್ಟು ತಂಪು ಮೇಡಂ?" ಅವನು ನಾನು ಬರೆದದ್ದನ್ನು ಚಾಚೂ ತಪ್ಪದೆ ಮಾಡಿದ್ದ. ಉತ್ತರ ಇರಬೇಕಾಗಿದ್ದದ್ದು ನನ್ನ ಹಾಳೆಯಲ್ಲಿ.

ಆಗಿದ್ದೇನು ಅಂದರೆ, ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ಕಣಗಳ ಒಳಗೆ. ಹೊರಗಿನ ಸೀರಮ್ಮಿಗಿಂತ ಒಳಗೆ ಇಪ್ಪತ್ತು ಪಟ್ಟಿಗೂ ಜಾಸ್ತಿ. ಕಣದ ಗೋಡೆಯಲ್ಲಿರುವ ಪಂಪುಗಳು ಸೋರಿದ್ದನ್ನು ಮತ್ತೆ ಮತ್ತೆ ಒಳಗೆ ಎಳೆದುಕೊಳ್ಳುತ್ತಿರುತ್ತವೆ. ರಕ್ತ ತುಂಬಾ ತಣ್ಣಗಾದರೆ ಈ ಪಂಪುಗಳು ಹೆಚ್ಚುಕಡಿಮೆ ನಿಂತೇ ಹೋಗುತ್ತವೆ. ಸೋರಿಕೆ ಮಾತ್ರ ನಡೆದೇ ಇರುತ್ತದೆ. ಕಣ ಒಡೆಯಬೇಕಾಗಿಲ್ಲ, ಅದಕ್ಕೇ ಸೀರಮ್ ಕೆಂಪಾಗುವುದಿಲ್ಲ. ಹಾಗಂತ ಐಸ್ ತೆಗೆದುಬಿಟ್ಟರೆ ಸಾಲದು. ಬಿಸಿಯಲ್ಲಿ ಕಣಗಳು ಟ್ಯೂಬಿನೊಳಗೇ ಸಕ್ಕರೆ ತಿನ್ನುತ್ತಾ ಹೋಗುತ್ತವೆ. ಸಾಧಾರಣ ಕೋಣೆಯ ತಾಪದಲ್ಲೇ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಇಳಿಯುತ್ತದೆ, ಸೆಖೆಯಲ್ಲಿ ಇನ್ನೂ ಬೇಗ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ನನ್ನದೇ ರಕ್ತವನ್ನು ನಾಲ್ಕು ಜೆಲ್ ಟ್ಯೂಬಿಗೆ ತೆಗೆಸಿದೆ. ಈ ಟ್ಯೂಬನ್ನು ತಿರುಗಿಸಿದರೆ ಒಳಗಿನ ಜೆಲ್ ಕಣಗಳಿಗೂ ಸೀರಮ್ಮಿಗೂ ನಡುವೆ ಪದರವಾಗಿ ಕೂತು ಎರಡನ್ನೂ ಬೇರೆ ಮಾಡುತ್ತದೆ. ಮೊದಲನೆಯದನ್ನು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ತಿರುಗಿಸಿ, ಕೂಡಲೇ ಪರೀಕ್ಷಿಸಿದೆವು. ಪೊಟ್ಯಾಸಿಯಂ 4.2, ಸಕ್ಕರೆ 94. ಎರಡನೆಯದನ್ನು ತಿರುಗಿಸದೆ ಐಸ್ ಪ್ಯಾಕಿಗೆ ತಾಗಿಸಿ ಆರು ಗಂಟೆ ಇಟ್ಟೆ. ಪೊಟ್ಯಾಸಿಯಂ 5.5 ಆಗಿತ್ತು, ಸಕ್ಕರೆ 86. ಮೂರನೆಯದನ್ನೂ ತಿರುಗಿಸದೆ, ಐಸ್ ಇಲ್ಲದ ಡಬ್ಬದಲ್ಲಿ ಸೆಖೆಯಲ್ಲೇ ಆರು ಗಂಟೆ ಬಿಟ್ಟೆ. ಪೊಟ್ಯಾಸಿಯಂ 4.0, ಸಕ್ಕರೆ ಮಾತ್ರ 55ಕ್ಕೆ ಇಳಿದಿತ್ತು. ನಾಲ್ಕನೆಯದನ್ನು ಮೊದಲನೆಯದರ ಜೊತೆಗೇ ತಿರುಗಿಸಿ, ಆಮೇಲೆ ಐಸ್ ಡಬ್ಬದಲ್ಲಿ ಆರು ಗಂಟೆ ಇಟ್ಟಿದ್ದೆ. ಪೊಟ್ಯಾಸಿಯಂ 4.2, ಸಕ್ಕರೆ 93.

ಇದು ಒಬ್ಬಳ ರಕ್ತ, ಒಂದು ದಿನದ ಪರೀಕ್ಷೆ. ಸಂಖ್ಯೆಗಳು ಎಲ್ಲರಲ್ಲೂ ಹೀಗೇ ಬರುವುದಿಲ್ಲ. ಆದರೆ ಆ ಹುಡುಗ ನಾಲ್ಕೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಹಾಗಾದ್ರೆ ತಿರುಗಿಸಿದ ಮೇಲೆ ಐಸ್, ತಿರುಗಿಸದೇ ಇದ್ರೆ ಐಸ್ ಬೇಡ, ಅಲ್ವಾ?" ಅಂದ. ನನ್ನ ಹೊಸ ಹಾಳೆಯ ಮೊದಲ ಸಾಲು ಅದೇ ಆಯಿತು, ಅವನ ಮಾತಿನಲ್ಲೇ.

ಅದರ ಕೆಳಗೆ ತಿರುಗಿಸುವ ಕ್ರಮ ಬರೆದೆ. ಜೆಲ್ ಟ್ಯೂಬನ್ನು ರಕ್ತ ತೆಗೆದ ಕೂಡಲೇ ಮೆಲ್ಲಗೆ ಐದಾರು ಸಲ ಬೋರಲು ಮಾಡಿ, ಕುಲುಕದೆ, ನೆಟ್ಟಗೆ ನಿಲ್ಲಿಸಿ 30 ನಿಮಿಷ ಬಿಡಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರದ್ದಾದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಆಮೇಲೆ ಟ್ಯೂಬ್ ಕಂಪನಿ ಹೇಳಿದ ವೇಗದಲ್ಲಿ ಸುಮಾರು 10 ನಿಮಿಷ. ಹೊರತೆಗೆದಾಗ ಜೆಲ್ ಪದರ ಸುತ್ತಲೂ ಗೋಡೆಗೆ ಅಂಟಿ, ಎಲ್ಲೂ ಬಿರುಕಿಲ್ಲದೆ ಕೂತಿದೆಯಾ ನೋಡಬೇಕು. ಅರೆಬರೆ ಕೂತಿದ್ದರೆ ಇನ್ನೊಂದು ಸಲ ತಿರುಗಿಸಬಾರದು. ಜೆಲ್ಲಿನ ಕೆಳಗೆ ಕಣಗಳ ಜೊತೆ ಕೂತಿದ್ದ ದ್ರವ ಮೇಲೆ ಬಂದು, ಪೊಟ್ಯಾಸಿಯಂ ಮತ್ತೆ ಜಾಸ್ತಿಯೇ ತೋರಿಸುತ್ತದೆ. ಅಂಥ ಟ್ಯೂಬನ್ನು "ಜೆಲ್ ಸರಿಯಿಲ್ಲ" ಅಂತ ಚೀಟಿ ಹಾಕಿ ಕಳಿಸಿ ಅಂದಿದ್ದೇನೆ, ಏನು ಮಾಡಬೇಕು ಅನ್ನೋದನ್ನು ನಾವು ನೋಡಿಕೊಳ್ಳುತ್ತೇವೆ. ಸೆಂಟ್ರಿಫ್ಯೂಜ್ ಇಲ್ಲದ ಸೆಂಟರಾದರೆ ಎರಡು ಗಂಟೆಯೊಳಗೆ ಟ್ಯೂಬ್ ನಮ್ಮ ಟೇಬಲ್ ಮುಟ್ಟಬೇಕು. ಅದು ಆಗದ ಕಡೆ ಪೊಟ್ಯಾಸಿಯಂ ಪರೀಕ್ಷೆಗೆ ಅಲ್ಲಿ ರಕ್ತ ತೆಗೆಯುವುದನ್ನೇ ನಿಲ್ಲಿಸಿದೆವು.

ಪ್ಯಾಕಿಂಗಿಗೆ ಈಗ ಎರಡು ಡಬ್ಬ. ಒಂದರ ಮೇಲೆ ನೀಲಿ ಪಟ್ಟಿ, ಇನ್ನೊಂದರ ಮೇಲೆ ಹಳದಿ. ನೀಲಿಯಲ್ಲಿ ತಿರುಗಿಸಿದ ಜೆಲ್ ಟ್ಯೂಬ್, ಸಕ್ಕರೆಯ ಬೂದು ಮುಚ್ಚಳದ ಟ್ಯೂಬ್, ಕಲ್ಚರಿಗೆ ಕಳಿಸುವ ಮೂತ್ರ. ಇವಕ್ಕೆ 2ರಿಂದ 8 ಡಿಗ್ರಿ. ಹಳದಿಯಲ್ಲಿ ರಕ್ತ ಕಣ ಎಣಿಸುವ ನೇರಳೆ ಮುಚ್ಚಳದ್ದು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪಿಟಿ ಪರೀಕ್ಷೆಯ ತಿಳಿ ನೀಲಿ ಮುಚ್ಚಳದ್ದು, ತಿರುಗಿಸದ ಟ್ಯೂಬುಗಳು, ಬ್ಲಡ್ ಕಲ್ಚರ್ ಬಾಟಲಿ. ಬ್ಲಡ್ ಕಲ್ಚರ್ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಬಾರದು, ಹುಡುಕಬೇಕಾದ ರೋಗಾಣುಗಳಲ್ಲಿ ಕೆಲವು ಚಳಿಗೆ ಸತ್ತೇ ಹೋಗಬಹುದು. ಹಳದಿ ಡಬ್ಬ 20ರಿಂದ 25 ಡಿಗ್ರಿ ಒಳಗೆ ಇರಬೇಕು. ಹೊರಗೆ 40 ಇರುವಾಗ ಖಾಲಿ ಡಬ್ಬದಲ್ಲಿ ಅದು ಸಾಧ್ಯವಿಲ್ಲ. ಅದಕ್ಕೆ ಫ್ರೀಜರಿನದ್ದಲ್ಲ, ಕೆಳಗಿನ ಫ್ರಿಜ್ಜಿನಲ್ಲಿಟ್ಟ ನೀರಿನ ಪ್ಯಾಕ್ ಒಂದನ್ನು ದಪ್ಪ ಟವಲಿನಲ್ಲಿ ಸುತ್ತಿ ಬದಿಗೆ ಇಡುತ್ತಾರೆ. ಟ್ಯೂಬುಗಳಿಗೆ ಅದು ತಾಗುವುದಿಲ್ಲ.

ನೀಲಿ ಡಬ್ಬದ ಐಸ್ ಪ್ಯಾಕಿಗೂ ಒಂದು ನಿಯಮ. ಫ್ರೀಜರಿನಿಂದ ತೆಗೆದ ಕೂಡಲೇ ಹಾಕುವ ಹಾಗಿಲ್ಲ, ಆಗ ಅದು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ, ತಾಗಿದ ಟ್ಯೂಬನ್ನು ಮಂಜುಗಡ್ಡೆಯಾಗಿಸಿ ಕಣ ಒಡೆಸುತ್ತದೆ. ಮೇಜಿನ ಮೇಲೆ ಬಿಟ್ಟು, ಹೊರಗೆ ಬೆವರಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುವವರೆಗೆ ಕಾಯಬೇಕು. ಲಸಿಕೆ ಸಾಗಿಸುವವರು ಪಾಲಿಸುವ ಕ್ರಮ ಇದು. ಆಮೇಲೂ ಪ್ಯಾಕಿಗೂ ಟ್ಯೂಬಿಗೂ ನಡುವೆ ಒಂದು ರಟ್ಟಿನ ತುಂಡು ಬೇಕೇ ಬೇಕು. ಟ್ಯೂಬುಗಳು ಸ್ಟ್ಯಾಂಡಿನಲ್ಲಿ ನೆಟ್ಟಗೆ, ಸ್ಟ್ಯಾಂಡ್ ಹೀರುವ ಹತ್ತಿ ಹಾಕಿದ ಜಿಪ್ ಕವರಿನಲ್ಲಿ, ಕವರು ಡಬ್ಬದಲ್ಲಿ. ಚೀಟಿಗಳು ಬೇರೆ ಒಣ ಕವರಿನಲ್ಲಿ.

ಲೇಬಲ್ ವಿಷಯದಲ್ಲಿ ಬೇಸಿಗೆಯ ಶತ್ರು ನೀರು. ಕೈ ಬೆವರುತ್ತದೆ, ತಣ್ಣನೆಯ ಟ್ಯೂಬೂ ಬೆವರುತ್ತದೆ. ಒದ್ದೆ ಟ್ಯೂಬಿಗೆ ಅಂಟಿಸಿದ ಲೇಬಲ್ ದಾರಿಯಲ್ಲಿ ಬಿಚ್ಚಿಕೊಂಡು ಇನ್ನೊಂದು ಟ್ಯೂಬಿಗೆ ಅಂಟಿ ಬಂದದ್ದನ್ನು ನಾನೇ ಕಂಡಿದ್ದೇನೆ. ಆ ಎರಡೂ ಸ್ಯಾಂಪಲ್ ಬಿಸಾಕಿ, ಇಬ್ಬರನ್ನೂ ಮತ್ತೆ ಕರೆಸಬೇಕಾಯಿತು. ಹಾಗಾಗಿ ರಕ್ತ ತೆಗೆದ ಮೇಲೆ, ಆ ವ್ಯಕ್ತಿ ಕುರ್ಚಿಯಿಂದ ಏಳುವ ಮುಂಚೆ, ಟ್ಯೂಬನ್ನು ಒರೆಸಿ ಅಲ್ಲೇ ಅಂಟಿಸಬೇಕು. ಮೊದಲೇ ಅಂಟಿಸಿ ಸಾಲಾಗಿ ಇಟ್ಟುಕೊಳ್ಳಬಾರದು, ಆಮೇಲೆ ಒಟ್ಟಿಗೆ ಅಂಟಿಸೋಣ ಅಂತಲೂ ಬಿಡಬಾರದು. "ನೀವು ಇಂಥವರಾ?" ಅಂತ ಕೇಳಿದರೆ ಸುಸ್ತಾದವರು ಎಲ್ಲದಕ್ಕೂ ಹೂಂ ಅಂತಾರೆ. "ನಿಮ್ಮ ಪೂರ್ತಿ ಹೆಸರು, ವಯಸ್ಸು ಹೇಳಿ" ಅನ್ನಬೇಕು. ಹೆಸರು, ನೋಂದಣಿ ನಂಬರ್, ತಾರೀಕು, ರಕ್ತ ತೆಗೆದ ಸಮಯ, ತೆಗೆದವರ ಗುರುತು ಇಷ್ಟು ಲೇಬಲ್ಲಿನಲ್ಲಿ ಇರಬೇಕು. ಜೆಲ್ ಪೆನ್ ಬೇಡ, ನೀರಿಗೆ ಅಳಿಸದ ಮಾರ್ಕರ್ ಕೊಟ್ಟಿದ್ದೇವೆ. ಬಾರ್‌ಕೋಡ್ ಟ್ಯೂಬಿನ ಉದ್ದಕ್ಕೆ, ನಿಂತ ಏಣಿಯ ಹಾಗೆ ಕಾಣಬೇಕು. ಅಡ್ಡ ಸುತ್ತಿದರೆ ಯಂತ್ರ ಓದುವುದಿಲ್ಲ. ಒಂದು ಬದಿಯಲ್ಲಿ ಸಣ್ಣ ಸಂದು ಬಿಟ್ಟರೆ ಒಳಗಿನ ಸೀರಮ್ ನಮಗೆ ಕಾಣುತ್ತದೆ.

ಸಾಗಣೆಯಲ್ಲಿ ನಾನು ಗಟ್ಟಿಯಾಗಿ ಹಿಡಿದದ್ದು ಒಂದೇ. ನಿಲ್ಲಿಸಿದ ಗಾಡಿಯೊಳಗೆ ಡಬ್ಬ ಬಿಟ್ಟು ಹೋಗಬಾರದು, ಐದು ನಿಮಿಷಕ್ಕೂ. ಡಬ್ಬ ಕೈಯಲ್ಲೇ ಬರಬೇಕು. ಎರಡೂ ಡಬ್ಬದೊಳಗೆ ಒಂದೊಂದು ಥರ್ಮಾಮೀಟರ್ ಇದೆ, ತಂತಿಯ ತುದಿ ಟ್ಯೂಬುಗಳ ನಡುವೆ ಇರುತ್ತದೆ, ಪ್ಯಾಕಿಗೆ ಅಂಟಿಕೊಂಡು ಅಲ್ಲ. ಹೊರಟ ಸಮಯ ಮತ್ತು ತಾಪ ಅವರು ಬರೆಯುತ್ತಾರೆ, ಬಂದ ಸಮಯ ಮತ್ತು ತಾಪ ನಾನು ಬರೆಯುತ್ತೇನೆ. ಹಳದಿ ಡಬ್ಬ 28 ಮೀರಿದರೆ ಅಥವಾ 18ಕ್ಕಿಂತ ಕೆಳಗಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಅದರಲ್ಲಿ ಬಂದ ಪೊಟ್ಯಾಸಿಯಂ ಮತ್ತು ಪಿಟಿ ಸ್ಯಾಂಪಲ್‌ಗಳನ್ನು ಪರೀಕ್ಷೆಗೆ ಹಾಕುವ ಮೊದಲು ಸೆಂಟರಿಗೆ ಫೋನ್ ಮಾಡುತ್ತೇನೆ.

ಆ ಸೆಂಟರಿನ ಹುಡುಗ ಈಗಲೂ ಡಬ್ಬ ತಂದು ಇಡುವಾಗ ಮುಚ್ಚಳ ತೆರೆಯುವ ಮೊದಲೇ ತಾಪ ಹೇಳಿಬಿಡುತ್ತಾನೆ. ಮೊನ್ನೆ "ನೀಲಿ 6, ಹಳದಿ 23, ಮೇಡಂ" ಅಂದ. ಇನ್ನೊಂದು ಟ್ಯೂಬ್ ಬೇರೆಯಾಗಿ ಕೈಯಲ್ಲಿ ಹಿಡಿದಿದ್ದ. "ಇದರ ಜೆಲ್ ಒಂದು ಕಡೆ ಬಿಟ್ಟಿದೆ. ನಾನು ಮತ್ತೆ ತಿರುಗಿಸಿಲ್ಲ."