ಶೇ 75ರ ಗೆರೆಯ ಮೇಲೆ ನಿಂತ ಹಾಜರಾತಿ: ಒಳಗೋ, ಹೊರಗೋ?

ಪರೀಕ್ಷೆಗೆ ಮುನ್ನ ಹಾಜರಾತಿ ಕೊರತೆಯ ಪಟ್ಟಿ ಮಾಡುವಾಗ ಜಗಳ ಹುಟ್ಟುವುದು ಶೇ 60 ಇದ್ದವರಿಂದಲ್ಲ, ಸರಿಯಾಗಿ ಶೇ 75 ಇದ್ದವರಿಂದ. 64 ತರಗತಿಗಳಲ್ಲಿ 48ಕ್ಕೆ ಬಂದ ವಿದ್ಯಾರ್ಥಿಯನ್ನು ಒಬ್ಬ ಉಪನ್ಯಾಸಕರು ಅರ್ಹ ಎಂದು ಬರೆದು, ಇನ್ನೊಬ್ಬರು ಕೊರತೆ ಎಂದು ಬರೆದರೆ ಅದು ಅನ್ಯಾಯವೇ.

ಮೊದಲು ನಿಯಮದ ಪದವನ್ನು ನೋಡಿ. ‘ಕನಿಷ್ಠ ಶೇ 75’, ‘ಶೇ 75ಕ್ಕೆ ಕಡಿಮೆಯಿಲ್ಲದಂತೆ’ ಎಂದಿದ್ದರೆ 75 ಒಳಗೆ. ‘75ಕ್ಕಿಂತ ಹೆಚ್ಚು’, ‘75 ಮೀರಿದ’ ಎಂದಿದ್ದರೆ ಹೊರಗೆ. ತೊಡಕಿರುವುದು ‘75ರ ಮೇಲೆ’, ‘75ರ ಮೇಲ್ಪಟ್ಟು’ ಎಂಬ ಮಾತುಗಳಲ್ಲಿ. ಇವನ್ನು ಎರಡೂ ಅರ್ಥದಲ್ಲಿ ಬಳಸುವವರಿದ್ದಾರೆ. ಹಾಗಿದ್ದಾಗ ಊಹಿಸಬೇಡಿ; ನಿಯಮ ಮಾಡಿದವರಿಂದ ಬರಹದಲ್ಲೇ ಸ್ಪಷ್ಟನೆ ಪಡೆದು, ಅದನ್ನು ಪಟ್ಟಿಯ ತಲೆಯಲ್ಲಿ ಒಂದು ಸಾಲಾಗಿ ಬರೆಯಿರಿ: ‘ಸರಿಯಾಗಿ 75 ಇದ್ದರೆ ಅರ್ಹ’.

ಮುಂದಿನ ಕೆಲಸ ಲೆಕ್ಕದ್ದು. ಇಲ್ಲಿ ಹೆಚ್ಚಿನವರು ಎಡವುವುದು ದುಂಡುಗೂಡಿಸುವುದರಲ್ಲಿ. 63ರಲ್ಲಿ 47 ತರಗತಿ ಎಂದರೆ ಶೇ 74.60. ದಶಾಂಶ ತೋರಿಸದ ಎಕ್ಸೆಲ್ ಕೋಶದಲ್ಲಿ ಇದು 75 ಎಂದೇ ಕಾಣುತ್ತದೆ. ಕಣ್ಣಿಗೆ ಕಂಡದ್ದನ್ನು ನಂಬಿದವರು ಅರ್ಹ ಎನ್ನುತ್ತಾರೆ, ಸೂತ್ರ ಮಾತ್ರ ಕೊರತೆ ಎನ್ನುತ್ತದೆ. ನಿಯಮವೇ ದುಂಡುಗೂಡಿಸಲು ಹೇಳದಿದ್ದರೆ ಹೋಲಿಕೆಗೆ ಮುನ್ನ ದುಂಡುಗೂಡಿಸಬಾರದು. ಭಾಗಾಕಾರವನ್ನೇ ಬಿಟ್ಟು ಗುಣಿಸಿ ಹೋಲಿಸುವುದು ಇನ್ನೂ ಒಳ್ಳೆಯದು, ಆಗ ದಶಾಂಶದ ಮಾತೇ ಬರುವುದಿಲ್ಲ. B2ರಲ್ಲಿ ನಡೆದ ತರಗತಿ, C2ರಲ್ಲಿ ಹಾಜರಾದದ್ದು ಇದ್ದರೆ:

```
=IF(B2=0,"ಪರಿಶೀಲಿಸಿ",IF(C2*100>=B2*75,"ಅರ್ಹ","ಕೊರತೆ"))
```

48ಕ್ಕೆ 4800, 64ಕ್ಕೂ 4800. ಸಮ ಬಂತು, ಅರ್ಹ. 47ಕ್ಕೆ 4700, 63ಕ್ಕೆ 4725. 25 ಕಡಿಮೆ, ಕೊರತೆ. ನಿಯಮ ‘75ಕ್ಕಿಂತ ಹೆಚ್ಚು’ ಎಂದಿದ್ದರೆ `>=` ಬದಲು `>` ಹಾಕಿ. ಆಗ 48 ಸಾಲದು, 49 ಬೇಕು. ಮೊದಲ ಭಾಗವನ್ನು ಅಳಿಸಬೇಡಿ. ತರಗತಿಯ ಸಂಖ್ಯೆ ತುಂಬದೆ ಬಿಟ್ಟ ಸಾಲಿನಲ್ಲಿ ಎರಡೂ ಕಡೆ ಸೊನ್ನೆಯಾಗಿ, ಸೊನ್ನೆಗೆ ಸೊನ್ನೆ ಸಮವಾಗಿ, ಒಂದು ದಿನವೂ ಬಾರದವರು ಅರ್ಹರಾಗಿಬಿಡುತ್ತಾರೆ.

ಕೊರತೆಯ ಪಟ್ಟಿಗೆ ಬೇರೆ ಸೂತ್ರ ಬರೆಯುವ ಅಭ್ಯಾಸವೂ ಅಪಾಯವೇ. ಒಂದರಲ್ಲಿ `>=`, ಇನ್ನೊಂದರಲ್ಲಿ `<=` ಇದ್ದರೆ 75ರವರು ಎರಡೂ ಪಟ್ಟಿಯಲ್ಲಿ ಬರುತ್ತಾರೆ. `>` ಮತ್ತು `<` ಇದ್ದರೆ ಎರಡರಲ್ಲೂ ಇರುವುದಿಲ್ಲ. ಒಂದೇ ಸೂತ್ರದ ಉತ್ತರವನ್ನು ಸೋಸಿ ಎರಡು ಪಟ್ಟಿ ತೆಗೆಯಿರಿ. ಅರ್ಹ, ಕೊರತೆ, ಪರಿಶೀಲಿಸಿ ಮೂರನ್ನೂ ಕೂಡಿದರೆ ವಿದ್ಯಾರ್ಥಿಗಳ ಒಟ್ಟು ಸಂಖ್ಯೆ ಬರಬೇಕು.

ನಿಜವಾದ ಹೆಸರುಗಳನ್ನು ತುಂಬುವ ಮುನ್ನ ನಾಲ್ಕು ಸಾಲು ಹಾಕಿ ನೋಡಿ: 64ಕ್ಕೆ 47, 48, 49, ಮತ್ತು 63ಕ್ಕೆ 47. ‘ಕನಿಷ್ಠ’ ನಿಯಮಕ್ಕೆ ಕ್ರಮವಾಗಿ ಕೊರತೆ, ಅರ್ಹ, ಅರ್ಹ, ಕೊರತೆ ಬರಬೇಕು. ಯಾರಾದರೂ ಸೂತ್ರ ಮುಟ್ಟಿದ್ದರೆ ಮೊದಲು ಕೆಡುವುದು ಎರಡನೆಯ ಅಥವಾ ನಾಲ್ಕನೆಯ ಸಾಲು.