ಓರೆಯಾಗಿ ಎಳೆದ ಸ್ಪ್ಯಾನರ್

ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯ ನನ್ನ ಗ್ಯಾರೇಜಿನಲ್ಲಿ ಹುಡುಗನೊಬ್ಬ ಗೂಡ್ಸ್ ಆಟೊದ ಅಡಿ ಮಲಗಿ ಬೋಲ್ಟ್ ಒಂದರೊಡನೆ ಹೆಣಗುತ್ತಿದ್ದ. ಕೈಯಾಡಿಸಲು ಜಾಗವಿಲ್ಲದೆ ಸ್ಪ್ಯಾನರನ್ನು ಓರೆಯಾಗಿ ತನ್ನ ಕಡೆಗೇ ಜಗ್ಗುತ್ತಿದ್ದ. “ಅಣ್ಣಾ, ಪೈಪ್ ತೂರಿಸಿ ಉದ್ದ ಮಾಡೋಣವೇ?” ಎಂದ. ಎಳೆಯುವ ದಿಕ್ಕು ಬದಲಿಸು ಎಂದೆ. ಬೋಲ್ಟ್ ಸಡಿಲವಾಯಿತು, ಅವನ ಅನುಮಾನ ಸಡಿಲವಾಗಲಿಲ್ಲ.

ಸಂಜೆ ದಪ್ಪ ಬೋಲ್ಟ್ ಒಂದನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ವೈಸ್‌ಗೆ ಬಿಗಿದೆ. ತಲೆ ಮೇಲಿದೆ, ತಿರುಗಿಸಿದರೆ ಬೋಲ್ಟ್ ಮರಕ್ಕೆ ಉಜ್ಜಿಕೊಂಡು ನಿಧಾನವಾಗಿ ತಿರುಗುತ್ತದೆ. ರಿಂಗ್ ಸ್ಪ್ಯಾನರಿನಲ್ಲಿ ಬೋಲ್ಟಿನ ನಡುವಿನಿಂದ 25 ಸೆಂ.ಮೀ. ದೂರಕ್ಕೆ ಹಗ್ಗ ಕಟ್ಟಿ, ಅದಕ್ಕೆ ಪಕ್ಕದ ಮಂಡಕ್ಕಿ ಭಟ್ಟಿಯಿಂದ ತಂದ 25 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದೆವು. ಮೊದಲು ಅಳತೆ ಕೆಟ್ಟಿತು. ನಿಂತ ಬೋಲ್ಟ್ ಅಲುಗುವ ಕ್ಷಣದಲ್ಲಿ ಮುಳ್ಳು ಒಮ್ಮೆ ಮೇಲಕ್ಕೆ ಹಾರಿ ಇಳಿಯುತ್ತದೆ. ಹಾಗಾಗಿ ಬೋಲ್ಟ್ ಮೆಲ್ಲಗೆ ತಿರುಗುತ್ತಿರುವಾಗಲೇ, ಕೋನ ಬದಲಾಗುವ ಮುನ್ನ ಓದಬೇಕು.

ಸ್ಪ್ಯಾನರಿಗೆ ನೇರ ಅಡ್ಡಲಾಗಿ ಎಳೆದಾಗ 8 ಕೆ.ಜಿ. ಸಾಕಾಯಿತು. ಹಗ್ಗಕ್ಕೂ ಸ್ಪ್ಯಾನರಿಗೂ ನಡುವಿನ ಕೋನ 45 ಡಿಗ್ರಿಗೆ ಇಳಿಯುವಂತೆ ಓರೆ ಮಾಡಿದಾಗ 11 ಬೇಕಾಯಿತು, 30 ಡಿಗ್ರಿಯಲ್ಲಿ 16. ಸ್ಪ್ಯಾನರ್ ಅದೇ, ಹಗ್ಗ ಕಟ್ಟಿದ ಜಾಗವೂ ಅದೇ. ಹಾಗಾದರೆ ಬದಲಾದದ್ದೇನು? ವೈಸ್‌ನ ಪಕ್ಕದಲ್ಲಿ ಪ್ಲೈವುಡ್ ಹಲಗೆ ಇಟ್ಟು, ಹಗ್ಗದ ಗೆರೆಯನ್ನು ಸೀಮೆಸುಣ್ಣದಿಂದ ಎಳೆದೆ. ಬೋಲ್ಟಿನ ನಡುವಿನಿಂದ ಆ ಗೆರೆಗೆ ಮೂಲೆಮಟ್ಟ ಹಿಡಿದು ಅಳೆದರೆ ಕ್ರಮವಾಗಿ 25, 18, 12.5 ಸೆಂ.ಮೀ. ಬಂತು. ಬಲವನ್ನು ಈ ಲಂಬ ದೂರದಿಂದ ಗುಣಿಸಿದರೆ 200, 198, 200. ಮರ ಉಜ್ಜಿ ನುಣುಪಾದಷ್ಟೂ ಹಿಡಿತ ಇಳಿಯುತ್ತದೆ, ಆದ್ದರಿಂದ ಪ್ರತಿ ಸಲವೂ ಮೊದಲು ಅಡ್ಡ ಎಳೆದು 8 ಬರುವಂತೆ ವೈಸ್ ಬಿಗಿದುಕೊಂಡಿದ್ದೆವು.

ಓರೆ ಎಳೆತದಲ್ಲಿ ಒಂದು ಪಾಲು ಸ್ಪ್ಯಾನರಿನ ಉದ್ದಕ್ಕೇ ಹೋಗುತ್ತದೆ. ಅದು ಬೋಲ್ಟನ್ನು ನಮ್ಮ ಕಡೆಗೆ ಜಗ್ಗುತ್ತದೆಯೇ ಹೊರತು ತಿರುಗಿಸುವುದಿಲ್ಲ. ಹುಡುಗ ಇದನ್ನು ನಂಬಿದ್ದು ಮಾತಿನಿಂದಲ್ಲ. ಹಗ್ಗವನ್ನು ಸ್ಪ್ಯಾನರಿನ ನಡುವಿಗೆ, ಅಂದರೆ 12.5 ಸೆಂ.ಮೀ.ಗೆ ಕಟ್ಟಿ ನೇರ ಅಡ್ಡಲಾಗಿ ಎಳೆಯಲು ಹೇಳಿದೆ. ಮುಳ್ಳು ಮತ್ತೆ 16ಕ್ಕೇ ನಿಂತಿತು. ಓರೆ ಎಳೆದ ಇಡೀ ಸ್ಪ್ಯಾನರ್, ಅಡ್ಡ ಎಳೆದ ಅರ್ಧ ಸ್ಪ್ಯಾನರಿಗೆ ಸಮ!

15 ಡಿಗ್ರಿಯಲ್ಲಿ ಮುಳ್ಳು 25ಕ್ಕೆ ಮುಟ್ಟಿದರೂ ಬೋಲ್ಟ್ ಅಲುಗಲಿಲ್ಲ. ಅಲ್ಲಿ ಲಂಬ ದೂರ ಆರೂವರೆ ಸೆಂ.ಮೀ. ಮಾತ್ರ, 31 ಕೆ.ಜಿ.ಯಷ್ಟು ಬೇಕು. ಬಾಯಿ ತೆರೆದ ಸ್ಪ್ಯಾನರ್ ಆಗಿದ್ದರೆ ಜಾರಿ ಬೆರಳ ಗೆಣ್ಣು ಸುಲಿಯುತ್ತಿತ್ತು.

“ಪೈಪ್ ಹಾಕಿ 50 ಸೆಂ.ಮೀ. ಮಾಡಿದ್ದರೆ?” ಎಂದು ಹುಡುಗ ತಾನೇ ಹಲಗೆಯ ಮೇಲೆ ಅದೇ ಓರೆಯಲ್ಲಿ ಗೆರೆ ಎಳೆದು ಮೂಲೆಮಟ್ಟ ಹಿಡಿದ. 13 ಬಂತು. ಪೈಪನ್ನು ಮೂಲೆಗೆ ಒರಗಿಸಿಟ್ಟು ಬಂದ.