ಇವತ್ತಿನ 16 ಲಕ್ಷದ ಡಿಗ್ರಿ, ಹದಿನೈದು ವರ್ಷದ ನಂತರ ಎಷ್ಟು?

ಮಗಳಿಗೆ ಈಗ ಮೂರು ವರ್ಷ. ಹದಿನೆಂಟಕ್ಕೆ ಎಂಜಿನಿಯರಿಂಗ್ ಸೇರುತ್ತಾಳೆ ಅಂತಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಮನೆ, ಬೆಂಗಳೂರಿನಲ್ಲಿ ಕಾಲೇಜು, ಹಾಗಾಗಿ ಹಾಸ್ಟೆಲ್ ಬೇಕೇ ಬೇಕು. ಇವತ್ತಿನ ಲೆಕ್ಕದಲ್ಲಿ ವರ್ಷಕ್ಕೆ ಫೀ 2.5 ಲಕ್ಷ, ಹಾಸ್ಟೆಲ್, ಊಟ, ಓಡಾಟ ಎಲ್ಲ ಸೇರಿ 1.5 ಲಕ್ಷ ಅಂದುಕೊಳ್ಳೋಣ. ನಾಲ್ಕು ವರ್ಷಕ್ಕೆ 16 ಲಕ್ಷ. ಬಹಳ ಜನ ಇಲ್ಲಿಗೇ ಪೆನ್ನು ಕೆಳಗಿಟ್ಟು, 16 ಲಕ್ಷಕ್ಕೆ ತಿಂಗಳಿಗೆ ಎಷ್ಟು ಕಟ್ಟಬೇಕು ಅಂತ ಕೇಳುತ್ತಾರೆ. ಆ 16 ಲಕ್ಷ ಅಲ್ಲಿ ಎರಡನೇ ವರ್ಷದ ಅರ್ಧಕ್ಕೂ ಮೊದಲೇ ಖಾಲಿಯಾಗುತ್ತದೆ. ಯಾಕೆ ಅಂತ ನೋಡೋಣ.

ಮೊದಲು ಫೀ ಎಷ್ಟರ ವೇಗದಲ್ಲಿ ಏರುತ್ತಿದೆ ಅಂತ ನೀವೇ ಕಂಡುಹಿಡಿಯಿರಿ. ಪೇಪರಿನಲ್ಲಿ ಬರುವ ಹಣದುಬ್ಬರದ ದರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ತರಕಾರಿ, ಪೆಟ್ರೋಲ್, ಬಟ್ಟೆ ಎಲ್ಲ ಸೇರಿಸಿದ ಸರಾಸರಿ. ನಿಮಗೆ ಬೇಕಾದಂಥ ಕಾಲೇಜಿನ ಈ ವರ್ಷದ ಫೀ ನೋಡಿ, ಐದು ವರ್ಷದ ಹಿಂದೆ ಸೇರಿದ ಯಾರದಾದರೂ ರಸೀದಿ ಕೇಳಿ ಪಡೆಯಿರಿ. ಒಂದು ಎಚ್ಚರಿಕೆ: ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಥರದ ಫೀ ಕಟ್ಟಿರಬಹುದು, ಸಿಇಟಿ ಸೀಟು, ಕಾಮೆಡ್‌ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು. ಹೋಲಿಸುವಾಗ ಎರಡೂ ಒಂದೇ ಥರದ ಸೀಟಿನದ್ದಾಗಿರಲಿ. ಐದು ವರ್ಷದ ಹಿಂದೆ 1.7 ಲಕ್ಷ ಇದ್ದದ್ದು ಈಗ 2.5 ಲಕ್ಷ ಆಗಿದ್ದರೆ, ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=(250000/170000)^(1/5)-1
```

ಉತ್ತರ ಸುಮಾರು 8 ಪರ್ಸೆಂಟ್ ಬರುತ್ತದೆ. ಹಾಸ್ಟೆಲ್ ಊಟದ ಖರ್ಚು ಅಷ್ಟು ಜೋರಾಗಿ ಏರುವುದಿಲ್ಲ ಅಂತ ಅದಕ್ಕೆ 6 ಪರ್ಸೆಂಟ್ ಹಿಡಿಯುತ್ತೇನೆ. ಎರಡನ್ನೂ ಬೇರೆ ಬೇರೆಯಾಗಿಯೇ ಬೆಳೆಸಬೇಕು.

ಹದಿನೈದು ವರ್ಷಕ್ಕೆ 8 ಪರ್ಸೆಂಟ್ ಅಂದರೆ ಫೀ 3.17 ಪಟ್ಟು, 6 ಪರ್ಸೆಂಟ್ ಅಂದರೆ ಹಾಸ್ಟೆಲ್ 2.4 ಪಟ್ಟು. ಮೊದಲ ವರ್ಷಕ್ಕೇ 11.5 ಲಕ್ಷ ಬೇಕು. ಫೀ ಏರುವುದು ಮಗಳು ಕಾಲೇಜು ಸೇರಿದಳು ಅಂತ ನಿಲ್ಲುವುದಿಲ್ಲವಲ್ಲ, ಹಾಗಾಗಿ ನಾಲ್ಕನೇ ವರ್ಷಕ್ಕೆ 14.3 ಲಕ್ಷ. ಒಟ್ಟು 51.5 ಲಕ್ಷ. ಆದರೆ ಇಷ್ಟೂ ಹಣ ಮೊದಲ ದಿನವೇ ಬೇಕಿಲ್ಲ, ಮುಂದಿನ ವರ್ಷಗಳ ಪಾಲು ಎಫ್‌ಡಿಯಲ್ಲಿ ತೆರಿಗೆ ಕಳೆದು 6 ಪರ್ಸೆಂಟ್ ದುಡಿದರೆ, ಸೇರುವ ದಿನ ಕೈಯಲ್ಲಿ 47 ಲಕ್ಷ ಇದ್ದರೆ ಸಾಕು. ಇದೇ ನಮ್ಮ ಗುರಿ. (ಫೀ 8ರ ಬದಲು 10 ಪರ್ಸೆಂಟ್ ಏರಿದರೆ ಈ 47, 58 ಲಕ್ಷ ದಾಟುತ್ತದೆ. ಬರೀ ಎರಡು ಪರ್ಸೆಂಟ್ ನೋಡಿ!)

ಇನ್ನು ತಿಂಗಳಿಗೆ ಎಷ್ಟು? ಹೂಡಿದ ಹಣ ವರ್ಷಕ್ಕೆ ಸರಾಸರಿ 10 ಪರ್ಸೆಂಟ್ ಬೆಳೆಯುತ್ತದೆ ಅಂತ ಹಿಡಿದರೆ:

```
=PMT(10%/12,180,0,-4700000)
```

11,340 ರೂಪಾಯಿ. ಚಿಕ್ಕ ಮಗು ಇರುವ ಮನೆಯಲ್ಲಿ, ಗೃಹಸಾಲದ ಕಂತಿನ ಜೊತೆ ಇದು ಜಾಸ್ತಿಯೇ. ಅದಕ್ಕೆ ಇನ್ನೊಂದು ದಾರಿ ಇದೆ, ಸಂಬಳ ಏರಿದಂತೆ ಕಂತನ್ನೂ ವರ್ಷಕ್ಕೆ 8 ಪರ್ಸೆಂಟ್ ಏರಿಸುತ್ತಾ ಹೋಗುವುದು. ಆಗ 7,200ರಿಂದ ಶುರು ಮಾಡಿದರೂ ಗುರಿ ಮುಟ್ಟುತ್ತೀರಿ, ಕೊನೆಯ ವರ್ಷ ಮಾತ್ರ ತಿಂಗಳಿಗೆ 21,000 ಆಗುತ್ತದೆ. ಫೀ ಏರುವ ವೇಗದಲ್ಲೇ ಕಂತೂ ಏರುವುದರಿಂದ ನನಗೆ ಇದೇ ಸರಿ ಅನ್ನಿಸುತ್ತದೆ. ಐದು ವರ್ಷ ಬಿಟ್ಟು ನೋಡೋಣ ಅಂದವರಿಗೆ ಅದೇ ಗುರಿಗೆ ಏರಿಸದೆ ಕಟ್ಟುವ ಕಂತು ಸುಮಾರು 22,900.

ಆದರೆ 7,200 ಕಾಗದದ ಮೇಲಿನ ಲೆಕ್ಕ. ಹಣ ಎಲ್ಲಿಡುತ್ತೀರಿ, ಅದು ಯಾವ ದಿನ ಕೈಗೆ ಬರುತ್ತದೆ ಅನ್ನುವುದು ಇದನ್ನು ಬದಲಾಯಿಸುತ್ತದೆ, ಜನ ಎಡವುವುದೂ ಇಲ್ಲೇ.

ಹೆಣ್ಣುಮಗು ಅಂದ ತಕ್ಷಣ ಸುಕನ್ಯಾ ಸಮೃದ್ಧಿ ನೆನಪಾಗುತ್ತದೆ. 2024ರ ಜನವರಿಯಲ್ಲಿ ಅದರ ಬಡ್ಡಿ 8.2 ಪರ್ಸೆಂಟ್‌ಗೆ ಏರಿತು, ಬಡ್ಡಿಗೆ ತೆರಿಗೆಯೂ ಇಲ್ಲ, ಒಳ್ಳೆಯದೇ. ಆದರೆ ಖಾತೆ ಮುಗಿಯುವುದು ತೆರೆದ 21 ವರ್ಷಕ್ಕೆ. ಮೂರು ವರ್ಷಕ್ಕೆ ತೆರೆದರೆ ಮಗಳಿಗೆ 24, ಡಿಗ್ರಿ ಮುಗಿದಿರುತ್ತದೆ! ಹದಿನೆಂಟು ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿಗೆ ಅಂತ ತೆಗೆಯಬಹುದು, ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಹಣದ ಅರ್ಧದವರೆಗೆ ಮಾತ್ರ, ಅದೂ ಪ್ರವೇಶದ ದಾಖಲೆ ತೋರಿಸಿ. ಅದಕ್ಕೆ ಸುಕನ್ಯಾದಲ್ಲಿರುವ ಹಣದ ಅರ್ಧವನ್ನಷ್ಟೇ ಈ ಲೆಕ್ಕಕ್ಕೆ ಸೇರಿಸಿ, ಉಳಿದದ್ದು ಎಂ.ಟೆಕ್‌ಗೋ ಮದುವೆಗೋ ಆಯಿತು.

ಗಂಡುಮಗು ಇದ್ದವರು ಪಿಪಿಎಫ್ ಹಿಡಿಯುತ್ತಾರೆ. ಹೆಸರಿಗೆ ಹದಿನೈದು ವರ್ಷ, ಆದರೆ ಎಣಿಕೆ ಶುರುವಾಗುವುದು ಖಾತೆ ತೆರೆದ ಹಣಕಾಸು ವರ್ಷ ಮುಗಿದ ಮೇಲೆ. 2026ರ ಮಾರ್ಚ್‌ನಲ್ಲಿ ತೆರೆದ ಖಾತೆಯ ಪೂರ್ತಿ ಹಣ 2041ರ ಏಪ್ರಿಲ್‌ನಲ್ಲಿ ಸಿಗುತ್ತದೆ. ಒಂದು ತಿಂಗಳು ತಡವಾಗಿ ಏಪ್ರಿಲ್‌ನಲ್ಲಿ ತೆರೆದರೆ 2042ರ ಏಪ್ರಿಲ್. ಸೀಟು ಸಿಗುವುದು 2041ರಲ್ಲಾದರೆ ಮೊದಲ ವರ್ಷದ ಫೀಗೆ ಆ ಹಣ ಪೂರ್ತಿ ಸಿಗುವುದಿಲ್ಲ.

ಇದನ್ನೆಲ್ಲ ಸೇರಿಸಿ, ಷೇರು ಫಂಡಿನ ಲಾಭದ ಮೇಲಿನ ತೆರಿಗೆಗೂ (ವರ್ಷಕ್ಕೆ 1.25 ಲಕ್ಷ ದಾಟಿದ್ದಕ್ಕೆ 12.5 ಪರ್ಸೆಂಟ್) ಸ್ವಲ್ಪ ಜಾಗ ಬಿಟ್ಟರೆ, ನಾನಾದರೆ 9,000ದಿಂದ ಶುರು ಮಾಡುತ್ತೇನೆ. ಸುಕನ್ಯಾಕ್ಕೆ 3,000, ಇಂಡೆಕ್ಸ್ ಫಂಡಿನ ಎಸ್‌ಐಪಿಗೆ 6,000, ಎರಡೂ ವರ್ಷಕ್ಕೆ 8 ಪರ್ಸೆಂಟ್ ಏರಿಕೆ. ಎಲ್ಲ ಹಾದಿಯಲ್ಲಿದ್ದರೆ ಐದು ವರ್ಷಕ್ಕೆ 8 ಲಕ್ಷ, ಹತ್ತು ವರ್ಷಕ್ಕೆ 25 ಲಕ್ಷ ಆಸುಪಾಸು ಇರಬೇಕು. ಪ್ರತಿ ಜೂನ್‌ನಲ್ಲಿ ಹೊಸ ಫೀ ನೋಡಿ ಗುರಿಯನ್ನೂ ಮತ್ತೆ ಲೆಕ್ಕ ಹಾಕಿ. ಹತ್ತನೇ ವರ್ಷಕ್ಕೆ 20 ಲಕ್ಷವೇ ಇದ್ದರೆ ಆಗಲೇ ಕಂತು ಏರಿಸಿ, ಹದಿನಾಲ್ಕನೇ ವರ್ಷದಲ್ಲಿ ಗೊತ್ತಾದರೆ ಸಾಲ ಬಿಟ್ಟು ದಾರಿ ಇಲ್ಲ.

ಎಸ್‌ಐಪಿಯನ್ನು ಮಗುವಿನ ಹೆಸರಿನಲ್ಲಿ ಮಾಡಬೇಡಿ. ನನ್ನ ಸಹೋದ್ಯೋಗಿಯೊಬ್ಬರು ಪ್ರೀತಿಗೆ ಹಾಗೆ ಮಾಡಿದ್ದರು. ಮಗನಿಗೆ ಹದಿನೆಂಟು ತುಂಬಿದ ದಿನ ಫೋಲಿಯೋ ನಿಂತುಹೋಯಿತು, ಕಂತೂ ಹೋಗುವುದಿಲ್ಲ, ಹಣವೂ ತೆಗೆಯಲಾಗುವುದಿಲ್ಲ. ಮಗನ ಪ್ಯಾನ್, ಅವನ ಬ್ಯಾಂಕ್ ಖಾತೆ, ಕೆವೈಸಿ ಎಲ್ಲ ಮುಗಿದು ಅವನನ್ನು ವಯಸ್ಕ ಅಂತ ಬದಲಿಸುವವರೆಗೆ ಅಷ್ಟೇ. ಅತ್ತ ಫೀ ಕಟ್ಟುವ ಕೊನೆಯ ದಿನ ಹತ್ತಿರ. ಕೊನೆಗೆ ಭಾವನ ಹತ್ತಿರ ಕೈಗಡ ತಂದು ಕಟ್ಟಿದರು. ನಿಮ್ಮ ಹೆಸರಿನಲ್ಲೇ ಇರಲಿ, ಮಗುವನ್ನು ನಾಮಿನಿ ಮಾಡಿ.

ಕೊನೆಯ ಮೂರು ವರ್ಷ ಬಂದಾಗ ಷೇರು ಫಂಡಿನಿಂದ ಹೊರಬರಲು ಶುರು ಮಾಡಿ. 2020ರ ಜನವರಿಯಿಂದ ಮಾರ್ಚ್ 23ರ ನಡುವೆ ಸೆನ್ಸೆಕ್ಸ್ 35 ಪರ್ಸೆಂಟ್‌ಗಿಂತ ಜಾಸ್ತಿ ಬಿದ್ದಿತ್ತು. ಮಾರುಕಟ್ಟೆ ಮೇಲೆದ್ದಿತು ನಿಜ, ಆದರೆ ಕಾಲೇಜು ಅದಕ್ಕೆ ಕಾಯುತ್ತದಾ? ಮಗಳು ಒಂಬತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮೊದಲ ವರ್ಷದ ಖರ್ಚಿನಷ್ಟನ್ನು ತೆಗೆದು ಎಫ್‌ಡಿಗೆ ಹಾಕಿ, ಹತ್ತನೇದು ಮುಗಿದಾಗ ಎರಡನೇ ವರ್ಷದ್ದು, ಪಿಯುಸಿಯ ನಡುವೆ ಮೂರನೇ ವರ್ಷದ್ದು. ನಾಲ್ಕನೆಯದಕ್ಕೆ ಇನ್ನೂ ನಾಲ್ಕು ವರ್ಷ ಇರುತ್ತದೆ, ಅದು ಫಂಡಿನಲ್ಲೇ ಇರಲಿ, ಅವಳು ಕಾಲೇಜು ಸೇರಿದ ಮೇಲೆ ತೆಗೆದರಾಯಿತು.